ಕಚೇರಿ ವೇಳೆಯ ಆಚೆಗೆ ಸಂದರ್ಶನ ಕೇಳಿದ ನನ್ನ ಅನುಭವ

ನನ್ನ ಕಚೇರಿಯ ಸಮಯ ಬೆಳಿಗ್ಗೆ 9.30ರಿಂದ ಸಂಜೆ 6.30. ರಿಕ್ರೂಟರ್‌ಗಳು ಸಂದರ್ಶನಕ್ಕೆ ಸೂಚಿಸುವ ಸಮಯವೂ ಸಾಮಾನ್ಯವಾಗಿ ಅದರೊಳಗೇ ಬೀಳುತ್ತದೆ, ಏಕೆಂದರೆ ಸಂದರ್ಶನ ಮಾಡುವವರೂ ಅದೇ ವೇಳೆಯಲ್ಲಿ ಕೆಲಸ ಮಾಡುವವರು. ಮೊದಲ ಸಲ ಇಂಥ ಇಮೇಲ್ ಬಂದಾಗ ನಾನು, "ಸಂಜೆ 6.30ರ ನಂತರ ಯಾವಾಗ ಬೇಕಾದರೂ ಆಗಬಹುದು" ಎಂದು ಉತ್ತರಿಸಿದೆ. ಸೌಜನ್ಯದ ಉತ್ತರವೆಂದೇ ಭಾವಿಸಿದ್ದೆ. ಅವರು 6.45ಕ್ಕೆ ನಿಗದಿ ಮಾಡಿದರು. ಆ ದಿನ ನಮ್ಮ ತಂಡದ ಸಭೆ 6.50ರವರೆಗೆ ಎಳೆಯಿತು, ನಾನು ಮೆಟ್ಟಿಲ ಬಳಿ ನಿಂತು, ಹೋಗಿಬರುವವರಿಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ, ಹತ್ತು ನಿಮಿಷ ತಡವಾಗಿ ಮಾತು ಶುರು ಮಾಡಿದೆ. ಆ ಸಂದರ್ಶನ ಮುಂದಿನ ಸುತ್ತಿಗೆ ಹೋಗಲಿಲ್ಲ.

ತಪ್ಪು ಎಲ್ಲಿತ್ತೆಂದು ಯೋಚಿಸಿದಾಗ ಎರಡು ವಿಷಯ ಹೊಳೆದವು. ಕಚೇರಿ ಮುಗಿಯುವ ಸಮಯವೂ ನಾನು ಬಿಡುವಾಗುವ ಸಮಯವೂ ಒಂದೇ ಅಲ್ಲ. ಸದ್ದಿಲ್ಲದ ಕೋಣೆಗೆ ತಲುಪಿ, ನೀರು ಕುಡಿದು, ಲ್ಯಾಪ್‌ಟಾಪ್ ತೆರೆದು ಕೂರಲು ನನಗೆ ಸುಮಾರು ಒಂದು ಗಂಟೆ ಬೇಕು. ಎರಡನೆಯದು, ಸಮಯವನ್ನು ಒಪ್ಪಬೇಕಾದವರು ಹೆಚ್ಚಿನ ವೇಳೆ ರಿಕ್ರೂಟರ್ ಅಲ್ಲ. ಅವರು ನನ್ನ ಕೋರಿಕೆಯನ್ನು ಸಂದರ್ಶನ ಮಾಡುವವರ ಮುಂದಿಟ್ಟು ಒಪ್ಪಿಗೆ ತರಬೇಕು. "ಯಾವಾಗ ಬೇಕಾದರೂ" ಎಂಬ ಮಾತನ್ನು ಅವರು ಯಾರ ಮುಂದೆಯೂ ಇಡಲಾರರು, ಇಟ್ಟರೂ ಕಚೇರಿ ವೇಳೆಗೆ ತೀರ ಹತ್ತಿರದ ಸಮಯವೇ ಗೊತ್ತಾಗುತ್ತದೆ.

ಮುಂದಿನ ಬಾರಿ ಸೋಮವಾರ ಬಂದ ಇಮೇಲ್‌ನಲ್ಲಿ, ಬುಧವಾರ ಅಥವಾ ಗುರುವಾರ 11ರಿಂದ 4ರ ನಡುವೆ 45 ನಿಮಿಷ ಬೇಕೆಂದು ಕೇಳಿದ್ದರು. ಅಂದೇ ರಾತ್ರಿ ಸ್ವಂತ ಇಮೇಲ್‌ನಿಂದ ಹೀಗೆ ಬರೆದೆ:

"ಸಂದರ್ಶನಕ್ಕೆ ಕರೆದುದಕ್ಕೆ ಧನ್ಯವಾದಗಳು. ನಾನು ಈಗ ಉದ್ಯೋಗದಲ್ಲಿರುವುದರಿಂದ ಕಚೇರಿ ವೇಳೆಯಲ್ಲಿ ಅಡಚಣೆಯಿಲ್ಲದೆ ಮಾತನಾಡಲು ಆಗುವುದಿಲ್ಲ. ಬುಧವಾರ ಬೆಳಿಗ್ಗೆ 8.00ರಿಂದ 8.45, ಗುರುವಾರ ಸಂಜೆ 7.45ರಿಂದ 8.30, ಶುಕ್ರವಾರ ಬೆಳಿಗ್ಗೆ 8.00ರಿಂದ 8.45, ಇವುಗಳಲ್ಲಿ ಯಾವುದಾದರೂ ಸಂದರ್ಶಕರಿಗೆ ಹೊಂದುವುದೇ ಎಂದು ದಯವಿಟ್ಟು ವಿಚಾರಿಸಿ. ಇವು ಯಾವುವೂ ಆಗದಿದ್ದರೆ, ಎರಡು ದಿನ ಮುಂಚಿತವಾಗಿ ತಿಳಿಸಿದರೆ ಅರ್ಧ ದಿನದ ರಜೆ ಹಾಕಿ ಹಗಲಿನಲ್ಲೇ ಹಾಜರಾಗುತ್ತೇನೆ. ಇನ್ವೈಟ್ ಅನ್ನು ಈ ಇಮೇಲ್‌ಗೇ ಕಳುಹಿಸಿ. ಕಚೇರಿಯ ಸಂಖ್ಯೆಗೆ ಕರೆ ಮಾಡಬೇಡಿ."

ಆರಂಭ ಮತ್ತು ಮುಕ್ತಾಯ ಎರಡನ್ನೂ ಬರೆದದ್ದರಿಂದ ರಿಕ್ರೂಟರ್ ಆ ಸಾಲನ್ನು ಹಾಗೆಯೇ ಸಂದರ್ಶಕರಿಗೆ ಕಳುಹಿಸಬಹುದಾಗಿತ್ತು. ಶುಕ್ರವಾರ ಬೆಳಿಗ್ಗೆಯ ಸಮಯ ಖಚಿತವಾಯಿತು. ರಜೆಯ ಸಾಲನ್ನು ಬರೆಯಬೇಕೋ ಬೇಡವೋ ಎಂದು ನಾನು ಬಹಳ ಹೊತ್ತು ಅನುಮಾನಿಸಿದ್ದೆ. ಬರೆದರೆ ಅದನ್ನೇ ಹಿಡಿದುಕೊಳ್ಳುತ್ತಾರೆಂಬ ಅಳುಕು ಇತ್ತು. ಆದರೆ ಅದಿಲ್ಲದಿದ್ದರೆ ಕೋರಿಕೆ ಷರತ್ತಿನಂತೆ ಕೇಳಿಸುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಆಸ್ಪತ್ರೆ, ಮನೆಗೆಲಸ ಎಂದು ನೆಪ ಹೇಳಲಿಲ್ಲ. ಉದ್ಯೋಗದಲ್ಲಿದ್ದೇನೆ ಎಂಬುದೇ ಸಾಕಷ್ಟು ಕಾರಣ, ಅದು ರಿಕ್ರೂಟರ್‌ಗೆ ನನ್ನ ಅರ್ಜಿಯಿಂದಲೇ ತಿಳಿದಿರುತ್ತದೆ.

ಬೆಳಿಗ್ಗೆ, ಸಂಜೆ ಎರಡನ್ನೂ ಪ್ರಯತ್ನಿಸಿದ ಮೇಲೆ ನಾನು ಬೆಳಿಗ್ಗೆಯನ್ನೇ ಮೊದಲು ಕೇಳತೊಡಗಿದೆ. ಸಂಜೆಯ ಸಮಯವನ್ನು ಅಂದಿನ ಕೆಲಸ ನುಂಗಬಹುದು, ಬೆಳಿಗ್ಗೆ ಎಂಟಕ್ಕೆ ಇನ್ನೂ ಯಾವ ಸಭೆಯೂ ಶುರುವಾಗಿರುವುದಿಲ್ಲ. ಅದಕ್ಕೂ ಮಿತಿಯಿದೆ: ಸಂದರ್ಶನ 15 ನಿಮಿಷಕ್ಕಿಂತ ಹೆಚ್ಚು ಎಳೆದರೆ ಕಚೇರಿಗೆ ತಡವಾಗುತ್ತದೆ. ಆದ್ದರಿಂದ ಮಾತಿನ ಆರಂಭದಲ್ಲೇ, "9 ಗಂಟೆಗೆ ನಾನು ಹೊರಡಬೇಕಾಗುತ್ತದೆ" ಎಂದು ಹೇಳಿಬಿಡುತ್ತಿದ್ದೆ. ಸಂದರ್ಶಕರು ಬೇರೆ ದೇಶದಲ್ಲಿದ್ದರೆ ಯಾರ ಗಡಿಯಾರದ ಎಂಟು ಗಂಟೆ ಎಂಬುದನ್ನೂ ಇಮೇಲ್‌ನಲ್ಲೇ ಬರೆಯಬೇಕು.

ಈ ಕೋರಿಕೆ ಎಲ್ಲ ಸುತ್ತಿಗೂ ನಡೆಯುವುದಿಲ್ಲ. ಒಬ್ಬರೇ ಮಾತನಾಡುವ ಮೊದಲ ಸುತ್ತನ್ನು ಅತ್ತಿತ್ತ ಮಾಡುವುದು ಸುಲಭ. ನಾಲ್ಕು ಜನರ ಪ್ಯಾನೆಲ್ ಸುತ್ತಿನಲ್ಲಿ ನಾಲ್ವರ ಬಿಡುವೂ ಹೊಂದಬೇಕಾದ್ದರಿಂದ ಬೆಳಿಗ್ಗೆ ಎಂಟು ಸಿಗುವುದು ಕಷ್ಟ. ನನಗೂ ಸಿಗಲಿಲ್ಲ, ಮೊದಲೆರಡು ಸುತ್ತುಗಳಲ್ಲಿ ಉಳಿಸಿಕೊಂಡಿದ್ದ ಅರ್ಧ ದಿನದ ರಜೆಯನ್ನು ಆ ಮಧ್ಯಾಹ್ನಕ್ಕೆ ಹಾಕಿದೆ.