ಸಹಭಾಗಿತ್ವದ ಪ್ರಸ್ತಾವ ಬರೆಯುವುದು ಹೇಗೆ? ಎರಡು ಪುಟದಲ್ಲಿ ಕೊಡು-ಕೊಳ್ಳುವಿಕೆ

ನಾಲ್ವರು ಬಡಗಿಗಳಿರುವ ಒಂದು ಪೀಠೋಪಕರಣ ವರ್ಕ್‌ಶಾಪ್. ಮೂವರೇ ಇರುವ ಒಂದು ಒಳಾಂಗಣ ವಿನ್ಯಾಸ ಸಂಸ್ಥೆ. ವಿನ್ಯಾಸದವರಿಗೆ ಗ್ರಾಹಕರಿದ್ದಾರೆ, ಕಪಾಟು ಮಾಡಿಕೊಡುವ ಕೈಗಳಿಲ್ಲ. ವರ್ಕ್‌ಶಾಪಿನವರಿಗೆ ಕೈಗಳಿವೆ, ಎಲ್ಲ ತಿಂಗಳೂ ಕೆಲಸವಿಲ್ಲ. ಜೊತೆಯಾಗಿ ಕೆಲಸ ಮಾಡೋಣ ಎಂದು ವರ್ಕ್‌ಶಾಪಿನವರು ಪತ್ರ ಬರೆಯಬೇಕಾಗಿದೆ. ಇಂಥ ಪತ್ರಗಳು ಸಾಮಾನ್ಯವಾಗಿ ‘ಗುಣಮಟ್ಟದ ಕೆಲಸ, ಸಮಯಕ್ಕೆ ಸರಿಯಾಗಿ, ಪರಸ್ಪರ ಲಾಭ’ ಎಂದು ಶುರುವಾಗಿ ಅಲ್ಲೇ ಮುಗಿಯುತ್ತವೆ. ಓದಿದವರಿಗೆ ಒಪ್ಪಲೂ ಏನಿಲ್ಲ, ತಕರಾರು ತೆಗೆಯಲೂ ಏನಿಲ್ಲ. ಉಪಯೋಗಕ್ಕೆ ಬರುವ ಪತ್ರವನ್ನು ಕಟ್ಟುವ ಬಗೆ ಇದು.

1. ಬರೆಯುವ ಮೊದಲು ಲೆಕ್ಕ

ಎಷ್ಟು ಕೆಲಸ ಮಾಡಿಕೊಡಬಲ್ಲಿರಿ ಎಂಬುದನ್ನು ಅಂದಾಜಿನಲ್ಲಿ ಹೇಳಬೇಡಿ. ನಾಲ್ವರು, ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಎಂದರೆ 800 ಗಂಟೆ. ಈಗಾಗಲೇ ಕೈಯಲ್ಲಿರುವ ಕೆಲಸಕ್ಕೆ 560 ಗಂಟೆ ಹೋಗುತ್ತದೆ ಎಂದುಕೊಳ್ಳಿ. ಉಳಿದದ್ದು 240. ಇದಿಷ್ಟನ್ನೂ ಹೊಸಬರಿಗೆ ಕೊಡುತ್ತೇವೆ ಎನ್ನುವುದೇ ಮೊದಲ ತಪ್ಪು. ಸರಿಹೋಗದ ಬಾಗಿಲನ್ನು ಮತ್ತೆ ಮಾಡುವುದು, ಒಬ್ಬ ರಜೆ ಹಾಕುವುದು, ಹಲಗೆ ತಡವಾಗಿ ಬರುವುದು ಎಲ್ಲಕ್ಕೂ ಐದರಲ್ಲಿ ಒಂದು ಪಾಲು ತೆಗೆದಿಡಿ. 192 ಗಂಟೆ ಉಳಿಯಿತು. ಒಂದು ಮಧ್ಯಮ ಗಾತ್ರದ ಅಡುಗೆಮನೆಯ ಕಪಾಟುಗಳಿಗೆ ನಿಮ್ಮಲ್ಲಿ 90 ಗಂಟೆ ಹಿಡಿಯುವುದಾದರೆ ತಿಂಗಳಿಗೆ ಎರಡು ಅಡುಗೆಮನೆ, ಅಷ್ಟೇ. ಪತ್ರದಲ್ಲಿ ಬರೆಯಬೇಕಾದ ಸಂಖ್ಯೆ ಅದು. ಚಿಕ್ಕದಾಗಿ ಕಂಡರೂ ಚಿಂತೆಯಿಲ್ಲ. ಮೂರು ಎಂದು ಹೇಳಿ ಎರಡು ಕೊಟ್ಟರೆ ವಿನ್ಯಾಸದವರು ತಮ್ಮ ಗ್ರಾಹಕರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ, ನಾಲ್ಕನೆಯ ಕೆಲಸ ನಿಮಗೆ ಬರುವುದಿಲ್ಲ.

2. ಪ್ರತಿ ಕೊಡುಗೆಯ ಪಕ್ಕದಲ್ಲೇ ಅದರ ಷರತ್ತು

‘ನಾವು ಕೊಡುವುದು’ ಒಂದು ಪುಟ, ‘ನಾವು ಬಯಸುವುದು’ ಇನ್ನೊಂದು ಪುಟ ಎಂದು ಬೇರ್ಪಡಿಸಿ ಬರೆಯುವ ರೂಢಿಯಿದೆ. ಓದುವವರು ಮೊದಲ ಪುಟಕ್ಕೆ ಹೂಂ ಎಂದು ಎರಡನೆಯದರಲ್ಲಿ ಚೌಕಾಸಿಗೆ ಇಳಿಯುತ್ತಾರೆ. ಅವೆರಡೂ ಒಂದಕ್ಕೊಂದು ಕಟ್ಟಿಕೊಂಡಿವೆ ಎಂಬುದು ಕಾಣದೇ ಹೋಗುತ್ತದೆ. ಆದ್ದರಿಂದ ಜೋಡಿ ಜೋಡಿಯಾಗಿ ಬರೆಯಿರಿ. ಉದಾಹರಣೆಗೆ:

“ತಿಂಗಳಿಗೆ ಎರಡು ಅಡುಗೆಮನೆಯ ಜಾಗವನ್ನು ನಿಮಗಾಗಿ ಕಾದಿರಿಸುತ್ತೇವೆ. ಬರುವ ತಿಂಗಳ ಕೆಲಸವನ್ನು ಈ ತಿಂಗಳ 20ರೊಳಗೆ ನೀವು ಖಚಿತಪಡಿಸಬೇಕು. ಖಚಿತವಾಗದಿದ್ದರೆ ಆ ಜಾಗವನ್ನು ಬೇರೆಯವರಿಗೆ ಕೊಡುತ್ತೇವೆ.”

“ಅಂತಿಮ ಅಳತೆಯನ್ನು ನಾವೇ ಬಂದು ತೆಗೆಯುತ್ತೇವೆ, ಅಳತೆ ತಪ್ಪಿದರೆ ಖರ್ಚು ನಮ್ಮದು. ಅದಕ್ಕೆ ಮೊದಲು ಗೋಡೆಯ ಗಾರೆ ಮತ್ತು ಟೈಲ್ಸ್ ಕೆಲಸ ಮುಗಿದಿರಬೇಕು.”

ಈ ಎರಡನೆಯ ಜೋಡಿಯನ್ನು ಬಿಡಲೇಬೇಡಿ. ಇಂಥ ಜೊತೆಗೆಲಸದಲ್ಲಿ ಜಗಳ ಹುಟ್ಟುವ ಖಾಯಂ ಜಾಗ ಅದು. ವಿನ್ಯಾಸದವರ ನಕ್ಷೆಯಲ್ಲಿ ಗೋಡೆ 2400 ಮಿಲಿಮೀಟರ್ ಇರುತ್ತದೆ. ಎರಡೂ ಬದಿಗೆ ಗಾರೆ, ಟೈಲ್ಸ್ ಬಂದ ಮೇಲೆ ಅದು 2350ಕ್ಕೆ ಇಳಿದಿರಬಹುದು. ನಕ್ಷೆ ನೋಡಿ ಕೊಯ್ದ ಕಪಾಟು ಒಳಗೆ ಕೂರುವುದಿಲ್ಲ. ಆಗ ‘ನಕ್ಷೆ ಕೊಟ್ಟವರು ನೀವು’, ‘ನೋಡಿ ಮಾಡಬೇಕಾದವರು ನೀವು’ ಎಂಬ ಮಾತು ಶುರು. ಅಳತೆ ತೆಗೆದವರೇ ಹೊಣೆ ಎಂಬ ಒಂದು ಸಾಲು ಇದನ್ನು ತಡೆಯುತ್ತದೆ.

ಬದಲಾವಣೆಗಳಿಗೂ ಹೀಗೆಯೇ ಒಂದು ಗೆರೆ ಬೇಕು. ಮರಗೆಲಸದಲ್ಲಿ ಆ ಗೆರೆ ಹಲಗೆ ಕೊಯ್ಯುವ ದಿನ. ಕೊಯ್ಯುವ ಮೊದಲು ನಕ್ಷೆ ಬದಲಾದರೆ ಖರ್ಚಿಲ್ಲ, ದಿನಗಳು ಮಾತ್ರ ಮುಂದೆ ಹೋಗುತ್ತವೆ. ಕೊಯ್ದ ಮೇಲೆ ಬದಲಾದರೆ ಸಾಮಾನು ಮತ್ತು ಕೂಲಿ ಎರಡನ್ನೂ ಕೇಳಿದವರು ಕೊಡಬೇಕು. ಕೊಯ್ಯುವ ದಿನವನ್ನು ಎರಡು ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸುವ ಕೆಲಸ ವರ್ಕ್‌ಶಾಪಿನದು. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

3. ಶೇಕಡಾ ಎಷ್ಟು ಎನ್ನುವ ಮೊದಲು, ಯಾವುದರ ಮೇಲೆ

ಕೆಲಸ ತಂದುಕೊಡುವ ವಿನ್ಯಾಸದವರ ಪಾಲನ್ನು ‘ನಿಮಗೆ ಶೇ 15’ ಎಂದಷ್ಟೇ ಬರೆದು ಬಿಡುವುದು ಅಪಾಯ. ವರ್ಕ್‌ಶಾಪು ತನ್ನ ಲಾಭವನ್ನೂ ಸೇರಿಸಿ ಹೇಳುವ ದರ 100 ಎನ್ನಿ, ಅದರಲ್ಲಿ ಲಾಭ 10. ಇದರ ಮೇಲೆ ಶೇ 15 ಸೇರಿಸಿದರೆ ಗ್ರಾಹಕರಿಗೆ 115 ಬೀಳುತ್ತದೆ. ವರ್ಕ್‌ಶಾಪಿನವರು ಲೆಕ್ಕ ಹಾಕಿದ್ದು ಹೀಗೆ. ವಿನ್ಯಾಸದವರು ತಿಳಿದುಕೊಂಡದ್ದು ಗ್ರಾಹಕರು ಕೊಡುವ ಮೊತ್ತದ ಶೇ 15 ಎಂದು, ಅಂದರೆ 17.25. ಆಗ ವರ್ಕ್‌ಶಾಪಿಗೆ ಸಿಗುವುದು 97.75. ವ್ಯತ್ಯಾಸ ಸಣ್ಣದೆನಿಸಿದರೂ 10ರ ಲಾಭದಲ್ಲಿ 2.25 ಹೋಯಿತು, ಹೆಚ್ಚುಕಡಿಮೆ ಕಾಲುಭಾಗ. ಇಬ್ಬರೂ ಸುಳ್ಳು ಹೇಳಿಲ್ಲ, ಪತ್ರ ಮಾತ್ರ ಅರ್ಧ ಹೇಳಿದೆ. ಆದ್ದರಿಂದ ಶೇಕಡಾವಾರಿನ ಕೆಳಗೆ ಇಂಥದೊಂದು ಮಾದರಿ ಲೆಕ್ಕವನ್ನು ಹಾಕಿಯೇ ಬಿಡಿ. ತೆರಿಗೆ ಮತ್ತು ಸಾಗಣೆ ಆ 100ರ ಒಳಗಿವೆಯೋ ಹೊರಗಿವೆಯೋ ಎಂಬುದೂ ಅಲ್ಲೇ ಬರಲಿ.

ಹಣ ಯಾವಾಗ ಎಂಬುದು ಎಷ್ಟು ಎಂಬುದರಷ್ಟೇ ಮುಖ್ಯ. ಪ್ಲೈವುಡ್, ಲ್ಯಾಮಿನೇಟ್, ಕೀಲುಗಳಿಗೆ ಮೊದಲೇ ಹಣ ಸುರಿಯಬೇಕಾದ ವರ್ಕ್‌ಶಾಪು ಕೆಲಸ ಖಚಿತವಾದಾಗ ಶೇ 50, ಸಾಮಾನು ಸಿದ್ಧವಾಗಿ ಹೊರಡುವ ಮೊದಲು ಶೇ 40, ಜೋಡಣೆ ಮುಗಿದು 7 ದಿನದಲ್ಲಿ ಶೇ 10 ಎಂದು ಕೇಳಬಹುದು. ಕೊನೆಯ ಹತ್ತು ವಿನ್ಯಾಸದವರ ಕೈಯಲ್ಲಿರುವ ಹಿಡಿತ, ಸಣ್ಣಪುಟ್ಟ ರಿಪೇರಿ ಮುಗಿಯುವ ತನಕ ಅವರು ಇಟ್ಟುಕೊಳ್ಳಲಿ. ಆದರೆ ‘ಗ್ರಾಹಕರು ಕೊಟ್ಟ ಮೇಲೆ ಕೊಡುತ್ತೇವೆ’ ಎಂಬ ಸಾಲು ವಾಪಸು ಬಂದರೆ ಒಪ್ಪಬೇಡಿ. ಗ್ರಾಹಕರನ್ನು ಆರಿಸಿದವರು ಅವರು, ನಷ್ಟದ ಭಯ ಮಾತ್ರ ನಿಮ್ಮದಾಗುತ್ತದೆ.

4. ಗ್ರಾಹಕರು ಯಾರವರು

ಕಪಾಟು ಮೆಚ್ಚಿದ ಮನೆಯವರು ಆರು ತಿಂಗಳ ನಂತರ ನೇರವಾಗಿ ಬಡಗಿಗೆ ಫೋನ್ ಮಾಡುತ್ತಾರೆ. ವಿನ್ಯಾಸದವರಿಗೆ ಇರುವ ದೊಡ್ಡ ಅಂಜಿಕೆ ಇದೇ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ನೀವೇ ಮೊದಲು ಎತ್ತಿದರೆ ಪತ್ರದ ತೂಕ ಹೆಚ್ಚುತ್ತದೆ: ನಿಮ್ಮ ಮೂಲಕ ಪರಿಚಯವಾದವರಿಂದ 12 ತಿಂಗಳವರೆಗೆ ಬರುವ ಯಾವ ಕೆಲಸವನ್ನೂ ನಿಮಗೆ ತಿಳಿಸಿಯೇ ತೆಗೆದುಕೊಳ್ಳುತ್ತೇವೆ, ನಿಮ್ಮ ಪಾಲು ಇದ್ದಂತೆಯೇ ಇರುತ್ತದೆ. ಇದರ ಜೊತೆಗೆ ವರ್ಕ್‌ಶಾಪಿಗೆ ಈಗಾಗಲೇ ಇರುವ ಗ್ರಾಹಕರ ಪಟ್ಟಿ ಇದಕ್ಕೆ ಸೇರದು ಎಂದೂ ಬರೆಯಿರಿ.

5. ಪರೀಕ್ಷೆಯ ಅವಧಿ, ಬಿಡುವ ದಾರಿ

ಒಂದು ವರ್ಷದ ಒಪ್ಪಂದ ಕೇಳಬೇಡಿ. ಮೂರು ಕೆಲಸ ಅಥವಾ 90 ದಿನ, ಯಾವುದು ಮೊದಲೋ ಅದು. ಕೊನೆಯಲ್ಲಿ ನೋಡಬೇಕಾದ್ದು ಎರಡೇ: ಹೇಳಿದ ದಿನಕ್ಕೆ ಎಷ್ಟು ಕೆಲಸ ಮುಗಿಯಿತು, ಹಣ ಎಷ್ಟು ದಿನ ತಡವಾಯಿತು. ಒಂದು ಕಡೆಯ ತಪ್ಪು, ಇನ್ನೊಂದು ಕಡೆಯ ತಪ್ಪು ಎರಡೂ ಅದರಲ್ಲಿ ಕಾಣುತ್ತವೆ. ಆಮೇಲೆ ಯಾರು ಬೇಕಾದರೂ 30 ದಿನ ಮೊದಲು ತಿಳಿಸಿ ಬಿಡಬಹುದು, ಆದರೆ ಹಲಗೆ ಕೊಯ್ದ ಕೆಲಸ ಪೂರ್ತಿಯಾಗಬೇಕು.

‘ಪಾಲುದಾರರು’ ಎಂಬ ಪದವನ್ನು ಎಚ್ಚರದಿಂದ ಬಳಸಿ. ಲಾಭವನ್ನು ಹಂಚಿಕೊಳ್ಳುತ್ತ ಒಟ್ಟಿಗೆ ವ್ಯವಹಾರ ನಡೆಸುವವರನ್ನು ಅನೇಕ ದೇಶಗಳ ಕಾನೂನು ಪಾಲುದಾರರೆಂದೇ ಪರಿಗಣಿಸಬಹುದು. ಆಗ ಒಬ್ಬರ ವ್ಯವಹಾರದ ಸಾಲ ಇನ್ನೊಬ್ಬರ ತಲೆಗೂ ಬರಬಹುದು. ಎರಡೂ ಸಂಸ್ಥೆಗಳು ಬೇರೆಬೇರೆ, ಒಬ್ಬರ ಪರವಾಗಿ ಇನ್ನೊಬ್ಬರು ಮಾತು ಕೊಡುವಂತಿಲ್ಲ, ಇದು ಪ್ರಸ್ತಾವವೇ ಹೊರತು ಒಪ್ಪಂದವಲ್ಲ ಎಂಬ ಮೂರು ಮಾತು ಕೊನೆಯಲ್ಲಿರಲಿ. ಮುಂದೆ ಸಹಿ ಮಾಡುವ ಒಪ್ಪಂದವನ್ನು ವಕೀಲರಿಗೆ ತೋರಿಸಿ.

ಕಳಿಸಿದ ಮೇಲೆ ‘ಚೆನ್ನಾಗಿದೆ, ನೋಡೋಣ’ ಎಂಬ ಉತ್ತರ ಬಂದರೆ ಅವರು ಪೂರ್ತಿ ಓದಿಲ್ಲ ಎಂದುಕೊಳ್ಳುವುದು ಕ್ಷೇಮ. ‘20ರೊಳಗೆ ಆಗದು, 25 ಆಗಬಹುದೇ?’ ಎಂದು ಕೇಳಿದರೆ ಅವರು ಆಗಲೇ ತಮ್ಮ ಕೆಲಸವನ್ನು ನಿಮ್ಮ ತಿಂಗಳಿಗೆ ಹೊಂದಿಸಿ ನೋಡುತ್ತಿದ್ದಾರೆ. 25 ಕೊಡುವ ಮೊದಲು, ಹಲಗೆ ತರಿಸಲು ಐದು ದಿನ ಸಾಕೇ ಎಂದು ನಿಮ್ಮ ಲೆಕ್ಕವನ್ನು ಇನ್ನೊಮ್ಮೆ ತೆಗೆದು ನೋಡಿ.