ಲಕ್ಕುಂಡಿಯ ಬಾವಿಗಳ ಲೇಖನಕ್ಕೆ ಶೀರ್ಷಿಕೆ, ಸಾರಲೇಖ, ಕೀಲಿಪದ ಬರೆದ ಬಗೆ

ಗದಗಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ನಾನು, ಲಕ್ಕುಂಡಿಯ ಮೆಟ್ಟಿಲು ಬಾವಿಗಳನ್ನೂ ಆ ಪರಿಸರದ ದತ್ತಿ ಶಾಸನಗಳಲ್ಲಿ ಬರುವ ಬಾವಿ, ಕೆರೆ, ತೋಟಗಳ ಉಲ್ಲೇಖಗಳನ್ನೂ ಜೊತೆಗಿಟ್ಟು ಓದುವ ಸಂಶೋಧನಾ ಲೇಖನವೊಂದನ್ನು ಕನ್ನಡದಲ್ಲಿ ಬರೆದು ಧಾರವಾಡದ ನಿಯತಕಾಲಿಕೆಯೊಂದಕ್ಕೆ ಕಳಿಸಿದೆ. ಅದನ್ನು ಗೂಗಲ್ ಸ್ಕಾಲರಿನಂಥ ಹುಡುಕಾಟ ಯಂತ್ರಗಳು ಸರಿಯಾಗಿ ಗುರುತಿಸುವಂತೆ ಶೀರ್ಷಿಕೆ, ಸಾರಲೇಖ ಮತ್ತು ಕೀಲಿಪದಗಳನ್ನು ಹೇಗೆ ಕಟ್ಟಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆಯುವವರಿಗೆ ಇಂಗ್ಲಿಷಿನಲ್ಲಿ ಬರೆಯುವವರಿಗಿಲ್ಲದ ಕೆಲವು ತೊಡಕುಗಳಿವೆ. ಅವುಗಳ ಬಗ್ಗೆ ಹೆಚ್ಚು ಹೇಳುತ್ತೇನೆ.

ನಮ್ಮ ಮಾನವಿಕ ವಿಷಯಗಳ ಲೇಖನಗಳಿಗೆ ಧ್ವನಿಪೂರ್ಣವಾದ ಹೆಸರಿಡುವ ಪದ್ಧತಿಯಿದೆ. ನನ್ನ ಹಸ್ತಪ್ರತಿಗೂ ಮೊದಲು ‘ಕಲ್ಲಿನೊಡಲ ನೀರು: ಒಂದು ಅಧ್ಯಯನ’ ಎಂಬ ಹೆಸರಿತ್ತು. ಲಕ್ಕುಂಡಿಯ ಬಾವಿಗಳ ಬಗ್ಗೆ ತಿಳಿಯಬೇಕೆನ್ನುವ ವಿದ್ಯಾರ್ಥಿ ಹುಡುಕಾಟದ ಪೆಟ್ಟಿಗೆಯಲ್ಲಿ ಏನನ್ನು ಟೈಪಿಸುತ್ತಾನೆ ಎಂದು ಯೋಚಿಸಿದಾಗ, ಆ ಹೆಸರಿನ ಒಂದು ಪದವೂ ಅವನ ಬೆರಳಿಗೆ ಬರುವಂಥದ್ದಲ್ಲ ಎಂಬುದು ಸ್ಪಷ್ಟವಾಯಿತು. ಅವನು ಊರಿನ ಹೆಸರು, ವಸ್ತುವಿನ ಹೆಸರು, ಬಹುಶಃ ರಾಜವಂಶದ ಹೆಸರನ್ನು ಟೈಪಿಸುತ್ತಾನೆ. ಆದ್ದರಿಂದ ಈ ನಾಲ್ಕು ಸಂಗತಿಗಳು ಶೀರ್ಷಿಕೆಯಲ್ಲೇ ಇರಬೇಕೆಂದು ನಿರ್ಧರಿಸಿದೆ: ಸ್ಥಳ, ವಸ್ತು, ಆಕರ ಮತ್ತು ಕಾಲ. ಕೊನೆಗೆ ಉಳಿದ ಶೀರ್ಷಿಕೆ ಹೀಗಿದೆ: ‘ಲಕ್ಕುಂಡಿಯ ಮೆಟ್ಟಿಲು ಬಾವಿಗಳು: ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ನೀರಿನ ನಿರ್ವಹಣೆ, 11-12ನೇ ಶತಮಾನ’.

ಸಂಪಾದಕರು ಫೋನಿನಲ್ಲಿ, “ಮೇಡಂ, ಮೊದಲಿನ ಹೆಸರಿನ ಸ್ವಾರಸ್ಯ ಇದರೊಳಗ ಇಲ್ಲಲ್ಲರಿ” ಎಂದರು. “ಆ ಸಾಲು ಲೇಖನದ ಒಳಗ ಉಪಶೀರ್ಷಿಕೆ ಆಗಿ ಬರತೈತಿ ಸರ್, ಶೀರ್ಷಿಕೆ ಮಾತ್ರ ಹುಡುಕೋರಿಗೆ ಸಿಗೂ ಹಂಗ ಇರಲಿ” ಎಂದು ನಾನು ಕೇಳಿಕೊಂಡೆ. ಅವರು ಒಪ್ಪಿದರು. ಮುಖ್ಯವಾದ ಪದಗಳು ಶೀರ್ಷಿಕೆಯ ಮೊದಲರ್ಧದಲ್ಲಿರುವುದು ಒಳ್ಳೆಯದು, ಏಕೆಂದರೆ ಮೊಬೈಲಿನ ಪರದೆಯಲ್ಲಿ ಫಲಿತಾಂಶಗಳ ಪಟ್ಟಿಯನ್ನು ಜಾರಿಸುತ್ತ ಹೋಗುವವರ ಕಣ್ಣು ಸಾಲಿನ ಕೊನೆಯವರೆಗೆ ಹೋಗುವುದು ಕಡಿಮೆ. ‘ಒಂದು ಅಧ್ಯಯನ’, ‘ಒಂದು ಅವಲೋಕನ’ ಎಂಬ ಬಾಲಗಳನ್ನು ಯಾರೂ ಹುಡುಕುವುದಿಲ್ಲವಾದ್ದರಿಂದ ಅವನ್ನು ಪೂರ್ತಿ ಕೈಬಿಟ್ಟೆ.

ನಿಯತಕಾಲಿಕೆಯು ಇಂಗ್ಲಿಷ್ ಶೀರ್ಷಿಕೆ ಮತ್ತು ಸಾರಲೇಖವನ್ನೂ ಕೇಳಿತ್ತು. ಇದನ್ನು ಔಪಚಾರಿಕತೆ ಎಂದು ಭಾವಿಸಿ ಎರಡು ಸಾಲಿನಲ್ಲಿ ಮುಗಿಸಬಾರದು. ಸಂಶೋಧನಾ ಲೇಖನಗಳ ಜಾಗತಿಕ ದತ್ತಸಂಚಯವಾದ ಸ್ಕೋಪಸ್ ಪಟ್ಟಿಗೆ ಸೇರಬಯಸುವ ನಿಯತಕಾಲಿಕೆಯು ಯಾವ ಭಾಷೆಯದ್ದಾದರೂ ಅದರ ಲೇಖನಗಳಿಗೆ ಇಂಗ್ಲಿಷ್ ಶೀರ್ಷಿಕೆ, ಇಂಗ್ಲಿಷ್ ಸಾರಲೇಖ ಮತ್ತು ರೋಮನ್ ಲಿಪಿಯ ಆಕರಸೂಚಿ ಇರಬೇಕೆಂಬ ನಿಯಮವಿದೆ. ಇದಕ್ಕಿಂತ ದೊಡ್ಡ ಕಾರಣವೊಂದಿದೆ. ಕನ್ನಡ ಬಾರದ ಪುರಾತತ್ತ್ವ ವಿದ್ವಾಂಸರಿಗೆ ನನ್ನ ಲೇಖನವು ಇದೆ ಎಂಬುದೇ ಈ ಇಂಗ್ಲಿಷ್ ಭಾಗದ ಮೂಲಕ ತಿಳಿಯಬೇಕು.

ಇಲ್ಲಿ ಎದುರಾದದ್ದು ಹೆಸರುಗಳ ಬಹುರೂಪ. ಶಾಸನಗಳಲ್ಲಿ ಲಕ್ಕುಂಡಿಯು ಲೊಕ್ಕಿಗುಂಡಿ. ರಾಜವಂಶವನ್ನು ಕೆಲವರು ಪಶ್ಚಿಮ ಚಾಲುಕ್ಯರು ಎನ್ನುತ್ತಾರೆ, ಕೆಲವರು ಕಲ್ಯಾಣ ಚಾಲುಕ್ಯರು, ಇನ್ನು ಕೆಲವರು ನಂತರದ ಚಾಲುಕ್ಯರು ಎನ್ನುತ್ತಾರೆ. ಮೆಟ್ಟಿಲು ಬಾವಿಗೆ ಇಂಗ್ಲಿಷಿನಲ್ಲಿ ಕೂಡುಪದವೂ ಇದೆ, ಬಿಡಿಪದವೂ ಇದೆ. ನಮ್ಮವರು ಅದನ್ನು ಪುಷ್ಕರಣಿ, ಕಲ್ಯಾಣಿ ಎಂದೂ ಬರೆಯುತ್ತಾರೆ. ಮಾಣಿಕೇಶ್ವರ ದೇವಾಲಯದ ಬಳಿಯ ಮುಸುಕಿನ ಬಾವಿಯನ್ನೇ ನಮ್ಮ ಭಾಗದಲ್ಲಿ ‘ಭಾವಿ’ ಎಂದು ಮಹಾಪ್ರಾಣ ಹಚ್ಚಿ ಬರೆಯುವವರು ಸಾಕಷ್ಟು ಜನ. ಧಾರವಾಡದ ಹೆಸರಿನಲ್ಲೂ ಇಂಥದ್ದೇ ಸಂಗತಿಯಿದೆ: ಊರಿನ ಹೆಸರನ್ನು ಇಂದು ಇಂಗ್ಲಿಷಿನಲ್ಲಿ ‘ಡಿ’ ಅಕ್ಷರದಿಂದ ಮುಗಿಸುತ್ತೇವೆ, ಆದರೆ ಭೂವಿಜ್ಞಾನಿಗಳ ಬರವಣಿಗೆಯಲ್ಲಿ ಇಲ್ಲಿನ ಪ್ರಾಚೀನ ಶಿಲಾಸಮೂಹವು ಹಳೆಯ ಕಾಗುಣಿತದಲ್ಲಿ, `Dharwar Craton` ಎಂದೇ ನಿಂತಿದೆ. ಆ ಶಿಲೆಗಳ ಬಗ್ಗೆ ಬರೆಯುವವರು ಊರಿನ ಇಂದಿನ ಕಾಗುಣಿತವನ್ನೇ ಹಿಡಿದರೆ ತಮ್ಮ ಕ್ಷೇತ್ರದ ಉಳಿದ ಬರವಣಿಗೆಯಿಂದ ದೂರವಾಗುತ್ತಾರೆ.

ಈ ರೂಪಗಳನ್ನೆಲ್ಲ ಶೀರ್ಷಿಕೆಗೆ ತುರುಕಲು ಬರುವುದಿಲ್ಲ. ನಾನು ಒಂದೊಂದು ರೂಪವನ್ನೂ ಗೂಗಲ್ ಸ್ಕಾಲರಿನಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಹಾಕಿ ಹುಡುಕಿ, ನಮ್ಮ ಕ್ಷೇತ್ರದವರು ಯಾವುದನ್ನು ಹೆಚ್ಚು ಬಳಸುತ್ತಾರೆ ಎಂದು ನೋಡಿದೆ. ಹೆಚ್ಚು ಬಳಕೆಯ ರೂಪವನ್ನು ಶೀರ್ಷಿಕೆಗೆ ಇಟ್ಟೆ, ಎರಡನೆಯದನ್ನು ಸಾರಲೇಖದ ವಾಕ್ಯವೊಂದರಲ್ಲಿ ಸಹಜವಾಗಿ ಬರುವಂತೆ ಮಾಡಿದೆ, ಮಿಕ್ಕವನ್ನು ಕೀಲಿಪದಗಳಿಗೆ ಬಿಟ್ಟೆ. ಹೀಗೆ ಹಂಚಲು ಕಾರಣವಿದೆ. ಸ್ಕೋಪಸ್‌ನಲ್ಲಿ ಸಾಮಾನ್ಯವಾಗಿ ನಡೆಯುವ ಹುಡುಕಾಟವು `TITLE-ABS-KEY` ಎಂಬುದು. ಅದು ಶೀರ್ಷಿಕೆ, ಸಾರಲೇಖ, ಕೀಲಿಪದ ಮೂರನ್ನೂ ಒಂದೇ ಗಂಟಾಗಿ ನೋಡುತ್ತದೆ. ಶೀರ್ಷಿಕೆಯಲ್ಲಿರುವ ಪದವನ್ನೇ ಕೀಲಿಪದದಲ್ಲಿ ಮತ್ತೆ ಬರೆದರೆ ಅಲ್ಲಿ ಹೊಸದೇನೂ ಸೇರುವುದಿಲ್ಲ, ಬೇರೆ ರೂಪವನ್ನು ಬರೆದರೆ ಹೊಸ ಬಾಗಿಲೊಂದು ತೆರೆಯುತ್ತದೆ. ನನ್ನ ಇಂಗ್ಲಿಷ್ ಭಾಗವು ಹೀಗೆ ನಿಂತಿತು:

```
Title: Stepwells of Lakkundi, Karnataka: Water Management
in Western Chalukya Inscriptions, 11th-12th Century
Keywords: Lokkigundi; step well; pushkarini; kalyani;
Kalyana Chalukya; Kannada epigraphy; Gadag
```

ಕನ್ನಡದ ಕೀಲಿಪದಗಳಲ್ಲಿ ಇನ್ನೊಂದು ಎಚ್ಚರ ಬೇಕಾಯಿತು. ನಮ್ಮ ಪದಗಳು ಪ್ರತ್ಯಯ ಹತ್ತಿಸಿಕೊಂಡೇ ವಾಕ್ಯಕ್ಕೆ ಬರುತ್ತವೆ: ಲಕ್ಕುಂಡಿಯ, ಬಾವಿಗಳಲ್ಲಿ, ಶಾಸನಗಳಿಂದ. ಹುಡುಕುವವನು ‘ಲಕ್ಕುಂಡಿ’, ‘ಬಾವಿ’, ‘ಶಾಸನ’ ಎಂದು ಟೈಪಿಸುತ್ತಾನೆ. ಯಂತ್ರವು ಪ್ರತ್ಯಯವನ್ನು ಬಿಡಿಸಿ ಓದೀತು ಎಂದು ನಂಬಿಕೊಂಡು ಕೂರುವ ಬದಲು, ಪ್ರತಿ ಮುಖ್ಯ ಪದದ ಮೂಲರೂಪವು ಕೀಲಿಪದಗಳಲ್ಲಿ ಒಮ್ಮೆಯಾದರೂ ಬರುವಂತೆ ನೋಡಿಕೊಂಡೆ. ‘ಮೆಟ್ಟಿಲುಬಾವಿ’ ಎಂದು ಕೂಡಿಸಿ ಬರೆದದ್ದನ್ನೂ ‘ಮುಸುಕಿನ ಭಾವಿ’ ಎಂಬ ಸ್ಥಳೀಯ ರೂಪವನ್ನೂ ಅಲ್ಲೇ ಇಟ್ಟೆ. ಇಂಗ್ಲಿಷ್ ಪಟ್ಟಿಗೆ ಹೇಳಿದ ‘ಮತ್ತೆ ಬರೆಯಬೇಡಿ’ ಎಂಬ ಮಾತು ಕನ್ನಡ ಪಟ್ಟಿಗೆ ಅಷ್ಟು ಬಿಗಿಯಾಗಿ ಹೊಂದದಿರುವುದು ಇದೇ ಕಾರಣಕ್ಕೆ.

ಸಾರಲೇಖದ ಮೊದಲ ವಾಕ್ಯವನ್ನು ಹಲವು ಸಲ ತಿದ್ದಿದೆ. ನೀರಿನ ಮಹತ್ವದಿಂದಲೋ ಕರ್ನಾಟಕದ ಭವ್ಯ ಪರಂಪರೆಯಿಂದಲೋ ಆರಂಭಿಸುವ ರೂಢಿ ನಮ್ಮಲ್ಲಿದೆ. ಹಾಗೆ ಆರಂಭಿಸಿದ ಸಾರಲೇಖದಲ್ಲಿ ಲಕ್ಕುಂಡಿ ಎಂಬ ಪದ ನಾಲ್ಕನೆಯ ವಾಕ್ಯಕ್ಕೆ ಬರುತ್ತದೆ. ಪಟ್ಟಿಯನ್ನು ನೋಡುವವನು ಅಲ್ಲಿಯವರೆಗೆ ಬರುವುದೇ ಇಲ್ಲ. ನನ್ನ ಮೊದಲ ವಾಕ್ಯ ಹೀಗಿದೆ: ‘ಗದಗ ಜಿಲ್ಲೆಯ ಲಕ್ಕುಂಡಿಯ, ಶಾಸನಗಳಲ್ಲಿ ಲೊಕ್ಕಿಗುಂಡಿ ಎಂದು ಕರೆಯಲಾದ ಊರಿನ, ಮೆಟ್ಟಿಲು ಬಾವಿಗಳನ್ನು ಯಾರು ಕಟ್ಟಿಸಿದರು ಮತ್ತು ಅವುಗಳ ನಿರ್ವಹಣೆಗೆ ಯಾವ ಏರ್ಪಾಡು ಇತ್ತು ಎಂಬುದನ್ನು ಈ ಲೇಖನವು ಕಲ್ಯಾಣ ಚಾಲುಕ್ಯರ ಕಾಲದ ದತ್ತಿ ಶಾಸನಗಳ ಆಧಾರದಿಂದ ಪರಿಶೀಲಿಸುತ್ತದೆ.’ ಇದರ ನಂತರ ಆಕರಗಳನ್ನು ಆರಿಸಿದ ಬಗೆ, ಕಂಡುಕೊಂಡದ್ದು, ಅದರ ಮಿತಿ, ಇಷ್ಟು ಬಂದರೆ ಸಾಕು. ಒಂದೇ ಪದವನ್ನು ವಾಕ್ಯವಾಕ್ಯಕ್ಕೂ ಹೇರುವುದರಿಂದ ಓದು ಕೆಡುತ್ತದೆಯೇ ಹೊರತು ಹುಡುಕುವವನಿಗೆ ಅದರಿಂದ ಹೊಸ ದಾರಿ ತೆರೆಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕಡತದೊಳಗಿನ ಅಕ್ಷರಗಳೇ ಯಂತ್ರಕ್ಕೆ ಓದಲು ಬಾರದಿದ್ದರೆ ಪದಗಳ ಆಯ್ಕೆಯಿಂದ ಪ್ರಯೋಜನವಿಲ್ಲ. ನಮ್ಮ ಅನೇಕ ಕನ್ನಡ ನಿಯತಕಾಲಿಕೆಗಳು ಇಂದಿಗೂ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಪುಟ ಕಟ್ಟುತ್ತವೆ. ಆ ಫಾಂಟಿನಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಕಡತದೊಳಗೆ ಇರುವುದು ಲ್ಯಾಟಿನ್ ಚಿಹ್ನೆಗಳು. ‘ಕನ್ನಡ’ ಎಂಬ ಪದವನ್ನು ಪಿಡಿಎಫ್‌ನಿಂದ ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿದರೆ ಹೀಗೆ ಬರುತ್ತದೆ:

```
PÀ£ÀßqÀ
```

ಯಂತ್ರವು ಓದುವುದೂ ಇದನ್ನೇ. ಆದ್ದರಿಂದ ಲೇಖನವನ್ನು ಯೂನಿಕೋಡಿನಲ್ಲೇ ಕಳಿಸಿದೆ, ಪುಟವನ್ನೂ ಯೂನಿಕೋಡ್ ಫಾಂಟಿನಲ್ಲೇ ಕಟ್ಟಬೇಕೆಂದು ವಿನಂತಿಸಿದೆ. ನುಡಿಯಲ್ಲಿದ್ದ ನನ್ನ ಹಳೆಯ ಟಿಪ್ಪಣಿಗಳನ್ನು ಪರಿವರ್ತಕದ ಮೂಲಕ ತಂದ ಕಡೆಯಲ್ಲೆಲ್ಲ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿದೆ. ಇನ್ನೊಂದು ದೋಷ ಕಣ್ಣಿಗೆ ಬೀಳುವುದೇ ಇಲ್ಲ: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಟೈಪಿಸಿರುವುದು. ‘ಲಕ್ಕುಂಡಿ’ ಮತ್ತು ‘ಲಕ್ಕು೦ಡಿ’ ನಮಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಕಡತದಲ್ಲಿ ‘೦’ ಎಂಬ ಅಂಕಿಯನ್ನು ಹುಡುಕಿ, ಪದಗಳ ನಡುವೆ ಸಿಕ್ಕಿದ ಕಡೆಯಲ್ಲೆಲ್ಲ ‘ಂ’ ಮಾಡುವುದು ಕೆಲವೇ ನಿಮಿಷಗಳ ಕೆಲಸ.

ಯೂನಿಕೋಡ್ ಪಿಡಿಎಫ್ ಕೂಡ ಪೂರ್ತಿ ನಂಬುವಂಥದ್ದಲ್ಲ. ಕನ್ನಡದ ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಪಿಡಿಎಫ್ ಒಳಗೆ ಕಾಣುವ ಆಕಾರದ ಕ್ರಮದಲ್ಲಿ ಜೋಡಣೆಯಾಗುವುದರಿಂದ ನಕಲಿಸಿ ತೆಗೆದಾಗ ಹಲವು ಸಲ ಅದಲುಬದಲಾಗಿ ಬರುತ್ತವೆ. ಕರಡು ಪ್ರತಿ ಬಂದೊಡನೆ ಶೀರ್ಷಿಕೆಯನ್ನು ನಕಲಿಸಿ ಅಂಟಿಸಿ ನೋಡಿದೆ, ‘ಕಲ್ಯಾಣ’ದ ಒತ್ತು ಬೇರೆಡೆ ಹೋಗಿತ್ತು. ಇದಕ್ಕೆ ಲೇಖಕರ ಕೈಯಲ್ಲಿರುವ ಉಪಾಯ ಎರಡು. ಒಂದು, ಇಂಗ್ಲಿಷ್ ಶೀರ್ಷಿಕೆ ಮತ್ತು ಸಾರಲೇಖವನ್ನು ಲೇಖನದ ಕೊನೆಗಲ್ಲದೆ ಮೊದಲ ಪುಟದಲ್ಲೇ ಹಾಕಿಸುವುದು, ಏಕೆಂದರೆ ಆ ಅಕ್ಷರಗಳು ಕೆಡದೆ ಹೊರಬರುತ್ತವೆ. ಇನ್ನೊಂದು, ಲೇಖನದ ವೆಬ್ ಪುಟದಲ್ಲಿರುವ ಮಾಹಿತಿಯನ್ನು ಸರಿಯಾಗಿ ತುಂಬಿಸುವುದು. ನಮ್ಮ ನಿಯತಕಾಲಿಕೆಯು ಓಪನ್ ಜರ್ನಲ್ ಸಿಸ್ಟಮ್ಸ್ ತಂತ್ರಾಂಶವನ್ನು ಬಳಸುತ್ತದೆ. ಸಲ್ಲಿಕೆಯ ಅರ್ಜಿಯಲ್ಲಿ ಲೇಖಕರು ತುಂಬಿದ ಶೀರ್ಷಿಕೆ ಮತ್ತು ಹೆಸರಿನಿಂದಲೇ ಅದು ಗೂಗಲ್ ಸ್ಕಾಲರ್ ಓದುವ ಗುರುತುಗಳನ್ನು ತಯಾರಿಸುತ್ತದೆ:

```
<meta name="citation_title" content="ಲಕ್ಕುಂಡಿಯ ಮೆಟ್ಟಿಲು ಬಾವಿಗಳು: ...">
<meta name="citation_author" content="...">
<meta name="citation_date" content="...">
<meta name="citation_pdf_url" content="...">
```

ಆದ್ದರಿಂದ ಆ ಅರ್ಜಿಯನ್ನು ತುಂಬುವ ಕೆಲಸವನ್ನು ಕಂಪ್ಯೂಟರ್ ಅಂಗಡಿಯವರಿಗೆ ಒಪ್ಪಿಸದೆ ನಾನೇ ಮಾಡಿದೆ. ಸಾರಲೇಖದ ಖಾನೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಆಯಾ ಭಾಷೆಯ ಜಾಗದಲ್ಲಿ ತುಂಬಿದೆ. ಹೆಸರು ಮತ್ತು ಇನಿಶಿಯಲ್ಲುಗಳನ್ನು ನನ್ನ ಹಿಂದಿನ ಲೇಖನಗಳಲ್ಲಿದ್ದಂತೆಯೇ ಬರೆದೆ.

ಪಿಡಿಎಫ್‌ನ ಗಾತ್ರದ ಬಗ್ಗೆಯೂ ಒಂದು ಮಾತು ಹೇಳಬೇಕು. ಗೂಗಲ್ ಸ್ಕಾಲರಿನ ಸೂಚನೆಯಂತೆ ಕಡತವು 5 ಎಂಬಿ ಮೀರಬಾರದು. ಬಾವಿಗಳ ಛಾಯಾಚಿತ್ರಗಳಿದ್ದ ನನ್ನ ಕಡತ ಇದನ್ನು ಮೀರಿತ್ತು. ಚಿತ್ರಗಳನ್ನು ಕುಗ್ಗಿಸಿ ಒಳಗೆ ತಂದೆವು. ಶೀರ್ಷಿಕೆಯು ಮೊದಲ ಪುಟದ ಮೇಲ್ಭಾಗದಲ್ಲಿ ದೊಡ್ಡ ಅಕ್ಷರದಲ್ಲಿರಬೇಕು, ಲೇಖಕರ ಹೆಸರು ಅದರ ಕೆಳಗೆ ಪ್ರತ್ಯೇಕ ಸಾಲಿನಲ್ಲಿರಬೇಕು ಎಂಬುದೂ ಅದೇ ಸೂಚನೆಯಲ್ಲಿದೆ. ನಿಯತಕಾಲಿಕೆಯ ಹೆಸರನ್ನು ಶೀರ್ಷಿಕೆಗಿಂತ ದೊಡ್ಡದಾಗಿ ಅಲಂಕರಿಸಿದ ಪುಟಗಳಲ್ಲಿ ಯಂತ್ರವು ಅದನ್ನೇ ಶೀರ್ಷಿಕೆಯೆಂದು ಹಿಡಿಯುವ ಅಪಾಯವಿರುವುದರಿಂದ ಆ ಹೆಸರಿನ ಅಕ್ಷರಗಳನ್ನು ಚಿಕ್ಕದು ಮಾಡಲು ಕೋರಿದೆ.

ಇವನ್ನೆಲ್ಲ ಪ್ರಕಟಣೆಗೆ ಮುಂಚೆಯೇ ಮುಗಿಸಬೇಕು. ಹೊಸ ಲೇಖನಗಳನ್ನು ವಾರದಲ್ಲಿ ಹಲವು ಬಾರಿ ಸೇರಿಸಿಕೊಳ್ಳುವ ಗೂಗಲ್ ಸ್ಕಾಲರ್, ಒಮ್ಮೆ ಸೇರಿದ ದಾಖಲೆಯ ತಿದ್ದುಪಡಿಯನ್ನು ಗಮನಿಸಲು 6ರಿಂದ 9 ತಿಂಗಳು, ಕೆಲವೊಮ್ಮೆ ಒಂದು ವರ್ಷಕ್ಕೂ ಮೇಲೆ ತೆಗೆದುಕೊಳ್ಳುತ್ತದೆ. ಲೇಖನ ಪ್ರಕಟವಾದ ದಿನವೇ ಅದರ ಪುಟದಲ್ಲಿ ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ ಪುಟದ ಮೂಲ ಸಂಕೇತವನ್ನು ತೆರೆದು, ಮೇಲಿನ ನಾಲ್ಕು ಸಾಲುಗಳು ತುಂಬಿವೆಯೇ, ಪಿಡಿಎಫ್‌ನ ಕೊಂಡಿಯು ಲಾಗಿನ್ ಕೇಳದೆ ತೆರೆಯುತ್ತದೆಯೇ ಎಂದು ನೋಡಿದೆ. ಕೆಲವು ವಾರಗಳ ನಂತರ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಗಳೊಳಗೆ ಹುಡುಕಿದಾಗ ಹೆಸರು, ವರ್ಷ, ನಿಯತಕಾಲಿಕೆ ಮೂರೂ ಸರಿಯಾಗಿ ಬಂದವು. ‘ಲೊಕ್ಕಿಗುಂಡಿ’ ಎಂದು ಹುಡುಕಿದರೂ ಲೇಖನ ಸಿಗುತ್ತದೆ. ಬರಿಯ ‘ಲಕ್ಕುಂಡಿ’ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಮಾತ್ರ ಹೆಚ್ಚು ಉಲ್ಲೇಖ ಪಡೆದ ಹಳೆಯ ಬರಹಗಳೇ ಮುಂದೆ ಬರುತ್ತವೆ. ಉಲ್ಲೇಖಗಳ ಸಂಖ್ಯೆಗೆ ಅಲ್ಲಿರುವ ತೂಕವನ್ನು ಶೀರ್ಷಿಕೆ ತಿದ್ದಿ ಸರಿದೂಗಿಸಲಾಗದು. ಆದರೆ ‘ಲಕ್ಕುಂಡಿ’ಗೆ ‘ಸ್ಟೆಪ್‌ವೆಲ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಜೋಡಿಸಿ ಹುಡುಕಿದರೆ ಮೊದಲ ಪುಟದಲ್ಲೇ ಸಿಗುತ್ತದೆ. ಬಾವಿಗಳನ್ನೇ ಹುಡುಕಿಕೊಂಡು ಬರುವವರು ಟೈಪಿಸುವುದೂ ಬಹುಮಟ್ಟಿಗೆ ಆ ಜೋಡಿಯನ್ನೇ.