ಒಂದು ನಿಮಿಷದ ಆಡಿಯೊ, ಒಂದು ಕೆಂಪು ಪೆನ್ನು: ಐಇಎಲ್‌ಟಿಎಸ್ ಲಿಸನಿಂಗ್‌ಗೆ ಖರ್ಚಿಲ್ಲದ ತಯಾರಿ

ಐಇಎಲ್‌ಟಿಎಸ್ ಪರೀಕ್ಷೆಯ ಲಿಸನಿಂಗ್ ವಿಭಾಗದಲ್ಲಿ ನಾಲ್ಕು ಭಾಗ, 40 ಪ್ರಶ್ನೆ. ಆಡಿಯೊ ಸುಮಾರು ಅರ್ಧ ಗಂಟೆಯದು, ಒಂದೇ ಸಲ ಕೇಳಿಸುತ್ತದೆ. ಇದಕ್ಕೆ ತಯಾರಾಗಲು ಹಲವರು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಇಂಗ್ಲಿಷ್ ಪಾಡ್‌ಕಾಸ್ಟ್ ಹಾಕಿಕೊಂಡು ತಿಂಗಳುಗಟ್ಟಲೆ ಕೇಳುತ್ತಾರೆ, ಆದರೂ ಅಂಕ ಮೇಲೇರುವುದಿಲ್ಲ. ಹಾಗೆ ಕೇಳುವಾಗ ಗೊತ್ತಿರುವ ನಾಲ್ಕು ಪದ ಹಿಡಿದು ಉಳಿದದ್ದನ್ನು ನಾವೇ ಊಹಿಸಿಕೊಳ್ಳುತ್ತೇವೆ. ಎಲ್ಲಿ ತಪ್ಪಿದೆವು ಎಂದು ತೋರಿಸುವವರು ಯಾರೂ ಇರುವುದಿಲ್ಲ. ಅದನ್ನು ತೋರಿಸಿಕೊಡುವ ಅಭ್ಯಾಸ ಉಕ್ತಲೇಖನ. ಶಾಲೆಯಲ್ಲಿ ಮೇಷ್ಟ್ರು ಹೇಳಿ ಬರೆಸುತ್ತಿದ್ದುದನ್ನೇ ಇಲ್ಲಿ ಆಡಿಯೊ ಇಟ್ಟುಕೊಂಡು ನಾವೇ ಮಾಡುವುದು.

ಯಾವ ಆಡಿಯೊ ಬೇಕು

ಷರತ್ತು ಒಂದೇ: ಆಡಿಯೊ ಜೊತೆ ಅದರ ಬರಹರೂಪ, ಅಂದರೆ ಟ್ರಾನ್ಸ್‌ಕ್ರಿಪ್ಟ್, ಸಿಗಬೇಕು. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ‘6 ಮಿನಿಟ್ ಇಂಗ್ಲಿಷ್’ ಇದಕ್ಕೆ ಹೊಂದುತ್ತದೆ. ಇಬ್ಬರ ಮಾತುಕತೆ, ಆರಂಭದಲ್ಲಿ ಒಂದು ಪ್ರಶ್ನೆ, ಕೊನೆಯಲ್ಲಿ ಅದರ ಉತ್ತರ, ನಡುವೆ ವಿವರಿಸಿದ ಕೆಲವು ಪದಗಳು. ಅದು ಕಷ್ಟವೆನಿಸಿದರೆ ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ತಾಣದಲ್ಲಿ ಎ1ರಿಂದ ಸಿ1ರವರೆಗೆ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಪಾಠಗಳಿವೆ. ಎರಡಕ್ಕೂ ಹಣ ಕೊಡಬೇಕಿಲ್ಲ.

ಲಿಬ್ರಿವಾಕ್ಸ್ ಎಂಬಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಸ್ವಯಂಸೇವಕರು ಓದಿ ರೆಕಾರ್ಡ್ ಮಾಡಿಟ್ಟಿದ್ದಾರೆ. ಬಹಳ ಹೊತ್ತು ಗಮನವಿಟ್ಟು ಕೇಳುವ ರೂಢಿಗೆ ಅವು ಒಳ್ಳೆಯವು. ಆದರೆ ಹಳೆಗಾಲದ ಭಾಷೆ, ಓದುಗರಿಂದ ಓದುಗರಿಗೆ ಬದಲಾಗುವ ವೇಗ, ಇವೆರಡರಿಂದಾಗಿ ಉಕ್ತಲೇಖನಕ್ಕೆ ಅವನ್ನು ಆರಿಸದಿರುವುದು ಮೇಲು.

ವಿಡಿಯೊಗಳ ಕೆಳಗೆ ತಾನಾಗಿ ಮೂಡುವ ಅಕ್ಷರಗಳನ್ನು ಸರಿಯುತ್ತರವೆಂದು ನಂಬಬೇಡಿ. ನಾವು ಎಡವುವ ಸಣ್ಣ ಪದಗಳಲ್ಲೇ, ಹೆಸರುಗಳಲ್ಲೇ ಅವೂ ಎಡವುತ್ತವೆ. ಬಿಬಿಸಿಯ ಟ್ರಾನ್ಸ್‌ಕ್ರಿಪ್ಟ್ ಕೂಡ ಪದಕ್ಕೆ ಪದ ಹೊಂದುವಂಥದ್ದಲ್ಲ ಎಂದು ಅದರ ಮೇಲೇ ಬರೆದಿರುತ್ತದೆ. ಹಾಗಾಗಿ ಒಂದು ಕಡೆ ವ್ಯತ್ಯಾಸ ಕಂಡರೆ ಮತ್ತೆರಡು ಸಲ ಕೇಳಿ ನೋಡಿ. ಕೆಲವೊಮ್ಮೆ ನಿಮ್ಮ ಕಿವಿಯೇ ಸರಿ ಇರುತ್ತದೆ.

ಡೇಟಾ ಉಳಿಸಬೇಕಿದ್ದರೆ ಎಂಪಿ3 ಕಡತವನ್ನು ಒಮ್ಮೆ ಇಳಿಸಿಕೊಂಡು ಬಿಡಿ. 64 ಕೆಬಿಪಿಎಸ್ ಗುಣಮಟ್ಟದ ಆಡಿಯೊ ನಿಮಿಷಕ್ಕೆ ಸುಮಾರು ಅರ್ಧ ಎಂಬಿ. ಆರು ನಿಮಿಷದ ಕಂತು ಮೂರು ಎಂಬಿಗೆ ಮುಗಿಯುತ್ತದೆ, ಎಷ್ಟು ಸಲ ಹಿಂದೆ ಮುಂದೆ ಮಾಡಿದರೂ ಮತ್ತೆ ಡೇಟಾ ಖರ್ಚಾಗುವುದಿಲ್ಲ.

ಕೂತು ಮಾಡುವ ಕ್ರಮ

ಮೊದಲು ಇಡೀ ಕಂತನ್ನು ಒಮ್ಮೆ ನಿಲ್ಲಿಸದೆ ಕೇಳಿ, ಮಾತು ಯಾವುದರ ಬಗ್ಗೆ ಎಂದು ಎರಡು ಸಾಲು ಬರೆಯಿರಿ. ಟ್ರಾನ್ಸ್‌ಕ್ರಿಪ್ಟ್ ಮುಚ್ಚಿಯೇ ಇರಲಿ. ಆಮೇಲೆ ನಡುವಿನ ಒಂದು ನಿಮಿಷವನ್ನಷ್ಟೇ ಆರಿಸಿಕೊಳ್ಳಿ. ಸಹಜ ವೇಗದ ಇಂಗ್ಲಿಷ್‌ನಲ್ಲಿ ಒಂದು ನಿಮಿಷಕ್ಕೆ ಸುಮಾರು 150 ಪದ ಬರುತ್ತದೆ. ಅಷ್ಟನ್ನು ಬರೆದು ತಿದ್ದಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಆರೂ ನಿಮಿಷ ಬರೆಯಲು ಹೊರಟವರು ಮೂರನೇ ದಿನಕ್ಕೆ ಕೈಬಿಡುತ್ತಾರೆ.

ಒಂದೊಂದು ವಾಕ್ಯಕ್ಕೆ ನಿಲ್ಲಿಸಿ, ಕೇಳಿದ್ದನ್ನು ಬರೆಯಿರಿ. ಒಂದು ವಾಕ್ಯವನ್ನು ನಾಲ್ಕು ಸಲಕ್ಕಿಂತ ಹೆಚ್ಚು ಕೇಳಬೇಡಿ. ಆಮೇಲೂ ಸಿಗದ ಕಡೆ ಗೆರೆ ಎಳೆದು ಮುಂದೆ ಹೋಗಿ. ಊಹಿಸಿ ತುಂಬಿದರೆ ಎಲ್ಲಿ ಕೇಳಿಸಲಿಲ್ಲ ಎಂಬ ಗುರುತೇ ಅಳಿಸಿಹೋಗುತ್ತದೆ.

ಫೋನಿನ ಪಾಡ್‌ಕಾಸ್ಟ್ ಆ್ಯಪ್‌ಗಳು ಸಾಮಾನ್ಯವಾಗಿ 10 ಅಥವಾ 15 ಸೆಕೆಂಡ್ ಹಿಂದಕ್ಕೆ ಹೋಗುತ್ತವೆ. ಈ ಕೆಲಸಕ್ಕೆ ಅದು ತೀರಾ ದೊಡ್ಡ ಜಿಗಿತ, ಪ್ರತಿ ಸಲ ಮೂರು ವಾಕ್ಯ ಹಿಂದೆ ಹೋಗಿ ಕಾಯಬೇಕಾಗುತ್ತದೆ. ಕಂಪ್ಯೂಟರ್ ಸಿಕ್ಕರೆ ಉಚಿತವಾದ ವಿಎಲ್‌ಸಿ ಪ್ಲೇಯರ್ ಬಳಸಿ. ವಿಂಡೋಸ್‌ನಲ್ಲಿ `Shift` ಒತ್ತಿ ಎಡಬಾಣದ ಕೀ ಒತ್ತಿದರೆ 3 ಸೆಕೆಂಡ್ ಮಾತ್ರ ಹಿಂದಕ್ಕೆ ಹೋಗುತ್ತದೆ. `[` ಒತ್ತಿದರೆ ವೇಗ ಸ್ವಲ್ಪ ತಗ್ಗುತ್ತದೆ, `=` ಒತ್ತಿದರೆ ಮಾಮೂಲಿಗೆ ಬರುತ್ತದೆ. ವೇಗ ತಗ್ಗಿಸುವುದು ಕೊನೆಯ ಸಲಕ್ಕೆ ಮಾತ್ರ ಇರಲಿ. ಪರೀಕ್ಷೆಯಲ್ಲಿ ಆ ಸೌಲಭ್ಯವಿಲ್ಲ.

ಬರೆದು ಮುಗಿದ ಮೇಲೆ ಟ್ರಾನ್ಸ್‌ಕ್ರಿಪ್ಟ್ ತೆರೆದು, ಕೆಂಪು ಪೆನ್ನಿನಿಂದ ತಿದ್ದಿ, ಪ್ರತಿ ತಪ್ಪಿನ ಪಕ್ಕದಲ್ಲಿ ಒಂದು ಅಂಕಿ ಬರೆಯಿರಿ. ಪದವೇ ಗೊತ್ತಿರದಿದ್ದರೆ 1. ಪದ ಗೊತ್ತಿದ್ದೂ ಕಿವಿಗೆ ಬೀಳದಿದ್ದರೆ 2. ಕೇಳಿಸಿತು, ಆದರೆ ಕಾಗುಣಿತ ತಪ್ಪಿದರೆ 3. ಇಡೀ ಅಭ್ಯಾಸದ ತಿರುಳು ಈ ಅಂಕಿಗಳಲ್ಲಿದೆ, ಏಕೆಂದರೆ ಮೂರಕ್ಕೂ ಮದ್ದು ಬೇರೆ ಬೇರೆ.

ಒಂದು ವಾಕ್ಯವನ್ನು ಬಿಡಿಸಿ ನೋಡೋಣ

ಮೂಲ ವಾಕ್ಯ ಹೀಗಿದೆ ಎಂದುಕೊಳ್ಳಿ: ‘ಇಫ್ ದೇಡ್ ಆಸ್ಕ್ಡ್ ಅಸ್ ಅರ್ಲಿಯರ್, ವಿ ಕುಡ್ ಹ್ಯಾವ್ ಸೆಂಟ್ ದ ಫಾರ್ಮ್ಸ್ ಅಟ್ ದಿ ಎಂಡ್ ಆಫ್ ಆಗಸ್ಟ್.’ ಹದಿನಾರು ಪದ, ಹೈಸ್ಕೂಲು ಮುಗಿಸಿದವರಿಗೆ ಗೊತ್ತಿಲ್ಲದ್ದು ಒಂದೂ ಇಲ್ಲ. ಆದರೆ ವೇಗವಾಗಿ ಆಡಿದಾಗ ಅದು ಕೇಳುವುದು ಹೆಚ್ಚುಕಡಿಮೆ ಹೀಗೆ: ‘ಇಫ್‌ದೇಡಾಸ್ಕ್ಟಸ್ ಅರ್ಲಿಯರ್, ವಿಕುಡವ್ ಸೆಂಟ್‌ದ ಫಾರ್ಮ್ಸ್ ಅಟ್‌ದಿಯೆಂಡವಾಗಸ್ಟ್.’

ಅಭ್ಯಾಸಿಯ ಹಾಳೆಯಲ್ಲಿ ಬರುವುದು ಬಹುಮಟ್ಟಿಗೆ ಇಷ್ಟು: ‘ಇಫ್ ದೇ ಆಸ್ಕ್ ಅಸ್ ಅರ್ಲಿಯರ್, ವಿ ಕುಡ್ ಸೆಂಡ್ ದ ಫಾರ್ಮ್ ಅಟ್ ದಿ ಎಂಡ್ ಆಫ್ ಆಗಸ್ಟ್.’ ಐದು ಕಡೆ ತಪ್ಪಿದೆ: ‘ದೇಡ್’ ಹೋಗಿ ‘ದೇ’ ಆಯಿತು, ‘ಆಸ್ಕ್ಡ್’ನ ಬಾಲ ಬಿತ್ತು, ‘ಹ್ಯಾವ್’ ಮಾಯವಾಯಿತು, ‘ಸೆಂಟ್’ ‘ಸೆಂಡ್’ ಆಯಿತು, ‘ಫಾರ್ಮ್ಸ್’ ಏಕವಚನವಾಯಿತು. ಐದೂ ಎರಡನೇ ಬಗೆಯವು. ವಾಕ್ಯದ ಅರ್ಥವೇ ಮಗುಚಿಹೋಗಿದೆ ನೋಡಿ. ಮೊದಲೇ ಕೇಳಿದ್ದರೆ ಕಳಿಸಬಹುದಿತ್ತು, ಈಗ ಆಗಲಿಲ್ಲ ಎಂಬುದು ಮೂಲ. ಕೇಳಿದರೆ ಕಳಿಸಬಹುದು ಎಂಬುದು ಹಾಳೆಯಲ್ಲಿ ಬಂದದ್ದು.

ಇದು ಅಜಾಗರೂಕತೆಯಲ್ಲ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಬಸ್ ನಮ್ಮ ಬಾಯಲ್ಲಿ ಬಸ್ಸು, ಕಾರ್ ಕಾರು. ಪದದ ಕೊನೆಯಲ್ಲಿ ಬರಿಯ ವ್ಯಂಜನಕ್ಕಾಗಿ, ಅದರಲ್ಲೂ ಎರಡು ಮೂರು ವ್ಯಂಜನಗಳ ಗುಂಪಿಗಾಗಿ ಕಾಯುವ ಅಭ್ಯಾಸ ನಮ್ಮ ಕಿವಿಗಿಲ್ಲ. ಇಂಗ್ಲಿಷ್‌ನಲ್ಲಿ ಕಾಲವೂ ಬಹುವಚನವೂ ಅಲ್ಲೇ ಕೂತಿರುತ್ತವೆ. ಜೊತೆಗೆ ಇಂಗ್ಲಿಷ್ ಮಾತಿನಲ್ಲಿ ಮುಖ್ಯ ಪದಕ್ಕೆ ಒತ್ತು ಬಿದ್ದು, ‘ಹ್ಯಾವ್’, ‘ಆಫ್’ ಥರದ ಪದಗಳು ‘ಅವ್’ ಎಂಬಷ್ಟಕ್ಕೆ ಕುಗ್ಗುತ್ತವೆ. ಕನ್ನಡದಲ್ಲಿ ಅಕ್ಷರಗಳು ಅಷ್ಟೊಂದು ಕುಗ್ಗುವುದಿಲ್ಲ. ಪರೀಕ್ಷೆಯಲ್ಲಿ ಇದರ ಪೆಟ್ಟು ನೇರ: ಖಾಲಿ ಜಾಗದಲ್ಲಿ ಬಹುವಚನ ಬೇಕಿದ್ದು ಏಕವಚನ ಬರೆದರೆ ಅಂಕವಿಲ್ಲ, ಕಾಗುಣಿತ ತಪ್ಪಿದರೂ ಇಲ್ಲ.

ತಪ್ಪಿನ ಬಗೆ ನೋಡಿ ಮದ್ದು

ಎರಡನೇ ಬಗೆಯ ತಪ್ಪಿಗೆ ಪದಕೋಶ ಕೆಲಸಕ್ಕೆ ಬಾರದು. ಟ್ರಾನ್ಸ್‌ಕ್ರಿಪ್ಟ್ ಎದುರಿಟ್ಟುಕೊಂಡು ಆ ವಾಕ್ಯವನ್ನು ಮತ್ತೆ ಹಾಕಿ, ಮಾತಾಡುವವರ ಜೊತೆಜೊತೆಗೇ, ಅವರಷ್ಟೇ ವೇಗದಲ್ಲಿ ಐದಾರು ಸಲ ಗಟ್ಟಿಯಾಗಿ ಹೇಳಿ. ‘ಕುಡ್ ಹ್ಯಾವ್ ಸೆಂಟ್’ ಎಂದು ಬಿಡಿಬಿಡಿಯಾಗಿ ಹೇಳಿದರೆ ಅವರ ವೇಗಕ್ಕೆ ಸೇರಲಾಗುವುದಿಲ್ಲ. ‘ಕುಡವ್‌ಸೆಂಟ್’ ಎಂದಾಗಲೇ ಸೇರುತ್ತೀರಿ. ಬಾಯಿಗೆ ಬಂದದ್ದು ಕಿವಿಗೂ ಗುರುತು ಸಿಗುತ್ತದೆ. ಎರಡು ದಿನ ಬಿಟ್ಟು ಅದೇ ನಿಮಿಷವನ್ನು ಬರಹ ನೋಡದೆ ಒಂದೇ ಸಲ ಕೇಳಿ. ಆ ಐದೂ ಕಡೆ ಈಗ ಸ್ಪಷ್ಟವಾಗಿ ಕೇಳಬೇಕು. ಕೇಳದಿದ್ದುದನ್ನು ಮಾತ್ರ ಮತ್ತೆ ಹೇಳಿ.

ಮೂರನೆಯದಕ್ಕೆ ಒಂದು ಚಿಕ್ಕ ಪಟ್ಟಿ ಸಾಕು. ತಪ್ಪಿದ ಪದವನ್ನು ಬರೆದಿಟ್ಟು, ಮರುದಿನ ನೋಡದೆ ಬರೆಯಿರಿ.

100 ಪದಕ್ಕೆ 15ಕ್ಕಿಂತ ಹೆಚ್ಚು ತಪ್ಪು ಬರುತ್ತಿದ್ದರೆ ಆಡಿಯೊ ನಿಮಗೆ ಭಾರವಾಗಿದೆ, ಒಂದು ಮಟ್ಟ ಕೆಳಗಿನದನ್ನು ಹಿಡಿಯಿರಿ. ಮೂರಕ್ಕಿಂತ ಕಡಿಮೆಯಿದ್ದರೆ ಮೇಲಿನದಕ್ಕೆ ಹೋಗಬಹುದು. ತಪ್ಪುಗಳೆಲ್ಲ ಮೊದಲ ಬಗೆಯವಾಗಿದ್ದರೆ ತೊಂದರೆ ಕಿವಿಯದಲ್ಲ, ಪದಸಂಪತ್ತಿನದು. ಪತ್ರಿಕೆ ಬೇಕಾಗುವುದು ಆಗ.

ಪತ್ರಿಕೆಯನ್ನು ಯಾತಕ್ಕೆ ಬಳಸಬೇಕು

ಪದವೊಂದಕ್ಕೆ ಕನ್ನಡ ಅರ್ಥ ಬರೆದಿಡುತ್ತ ಹೋಗುವುದರಿಂದ ಈ ಪರೀಕ್ಷೆಗೆ ಹೆಚ್ಚು ಲಾಭವಿಲ್ಲ. ಐಇಎಲ್‌ಟಿಎಸ್‌ನ ಪ್ರಶ್ನೆಯಲ್ಲಿರುವ ಪದ ಆಡಿಯೊದಲ್ಲಿ ಅದೇ ರೂಪದಲ್ಲಿ ಬರುವುದು ಅಪರೂಪ, ಅದೇ ಅರ್ಥದ ಬೇರೆ ಪದ ಬರುತ್ತದೆ. ಈ ಜೋಡಿಗಳು ಇಂಗ್ಲಿಷ್ ಪತ್ರಿಕೆಯ ಶೀರ್ಷಿಕೆ ಮತ್ತು ಮೊದಲ ಪ್ಯಾರಾದ ನಡುವೆ ದಂಡಿಯಾಗಿ ಸಿಗುತ್ತವೆ. ಜಾಗ ಕಡಿಮೆಯಾದ್ದರಿಂದ ಶೀರ್ಷಿಕೆಗೆ ಗಿಡ್ಡ ಪದ ಬಳಸುತ್ತಾರೆ, ಕೆಳಗೆ ಅದನ್ನೇ ಬಿಡಿಸಿ ಹೇಳುತ್ತಾರೆ. ಶೀರ್ಷಿಕೆ ‘ಸಿಟಿ ಟು ಆ್ಯಕ್ಸ್ ಬಸ್ ರೂಟ್ಸ್’ ಎಂದಿದ್ದರೆ, ಕೆಳಗೆ ‘ವಿಲ್ ಡಿಸ್ಕಂಟಿನ್ಯೂ ಸೆವೆರಲ್ ಸರ್ವಿಸಸ್’ ಎಂದಿರುತ್ತದೆ. ನೋಟ್‌ಬುಕ್ಕಿನಲ್ಲಿ ‘ಆ್ಯಕ್ಸ್–ಡಿಸ್ಕಂಟಿನ್ಯೂ’, ‘ರೂಟ್ಸ್–ಸರ್ವಿಸಸ್’ ಎಂದು ಜೋಡಿಯಾಗಿಯೇ ಬರೆಯಿರಿ. ದಿನಕ್ಕೆ ಎರಡು ವರದಿ, ಐದಾರು ಜೋಡಿ ಸಾಕು.

ಒಂದು ಎಚ್ಚರಿಕೆ: ಶೀರ್ಷಿಕೆಯ ವ್ಯಾಕರಣವನ್ನು ಅನುಕರಿಸಬೇಡಿ. ನಡೆದುಹೋದದ್ದಕ್ಕೆ ವರ್ತಮಾನಕಾಲ, ನಡೆಯಲಿರುವುದಕ್ಕೆ ಬರೀ ‘ಟು’, ‘ದ’ ಇಲ್ಲವೇ ಇಲ್ಲ. ಶೀರ್ಷಿಕೆಗೆ ಅದು ಸಲ್ಲುತ್ತದೆ, ರೈಟಿಂಗ್ ವಿಭಾಗದಲ್ಲಿ ತಪ್ಪಾಗುತ್ತದೆ.

ಯಾವ ವರದಿ ಎಂಬುದನ್ನೂ ಪಾಡ್‌ಕಾಸ್ಟಿಗೆ ಹೊಂದಿಸಿಕೊಳ್ಳಿ. ಕಂತು ನಿದ್ರೆಯ ಬಗ್ಗೆ ಇದ್ದರೆ, ಅದನ್ನು ಕೇಳುವ ಹಿಂದಿನ ದಿನ ನಿದ್ರೆಯ ಬಗೆಗಿನ ಒಂದು ಲೇಖನ ಓದಿ. ವಿಷಯದ ಪದಗಳು ಮೊದಲೇ ಪರಿಚಯವಾಗಿದ್ದರೆ ಮೊದಲ ಬಗೆಯ ತಪ್ಪು ಇಳಿಯುತ್ತದೆ, ಕಿವಿಯ ತಪ್ಪು ಮಾತ್ರ ಕಣ್ಣಿಗೆ ಬೀಳುತ್ತದೆ.

ಮಾದರಿ ಪರೀಕ್ಷೆಗಳನ್ನು ಕೂಡಿಡಿ

ಐಇಎಲ್‌ಟಿಎಸ್‌ನ ಅಧಿಕೃತ ತಾಣ `ielts.org` ನಲ್ಲಿ ಮಾದರಿ ಪ್ರಶ್ನೆಗಳು ಉಚಿತವಾಗಿ ಸಿಗುತ್ತವೆ. ಒಮ್ಮೆ ಕೇಳಿದ ಆಡಿಯೊ ಮತ್ತೆ ಪರೀಕ್ಷೆಯಾಗಿ ಉಪಯೋಗಕ್ಕೆ ಬಾರದು, ಆದ್ದರಿಂದ ಅವನ್ನು ಮೊದಲ ವಾರದಲ್ಲೇ ಮುಗಿಸಬೇಡಿ. ಅಂತರ್ಜಾಲದಲ್ಲಿ ಓಡಾಡುವ ಬಿಡಿ ಪ್ರಶ್ನೆಪತ್ರಿಕೆಗಳಲ್ಲಿ ಉತ್ತರವೇ ತಪ್ಪಿರುವುದುಂಟು, ಯಾರು ತಯಾರಿಸಿದ್ದೆಂದು ತಿಳಿಯದ್ದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ.

ಮಾದರಿ ಪರೀಕ್ಷೆಗೆ ಕೂತಾಗ ಆಡಿಯೊ ಎಲ್ಲೂ ನಿಲ್ಲಿಸದೆ ಒಂದೇ ಸಲ ಕೇಳಿ. ಕಾಗದದ ಪರೀಕ್ಷೆಯಲ್ಲಿ ಕೊನೆಗೆ ಉತ್ತರಗಳನ್ನು ಎತ್ತಿ ಬರೆಯಲು 10 ನಿಮಿಷ ಇರುತ್ತದೆ, ಕಂಪ್ಯೂಟರ್ ಪರೀಕ್ಷೆಯಲ್ಲಿ ಪರಿಶೀಲಿಸಲು 2 ನಿಮಿಷ ಮಾತ್ರ. ನೀವು ಬರೆಯಲಿರುವ ಬಗೆಗೆ ತಕ್ಕಂತೆ ಸಮಯ ಇಟ್ಟುಕೊಳ್ಳಿ. ‘ಎರಡಕ್ಕಿಂತ ಹೆಚ್ಚು ಪದ ಬೇಡ’ ಎಂಬ ಸೂಚನೆಯಿದ್ದ ಕಡೆ ಮೂರು ಪದ ಬರೆದರೆ ಉತ್ತರ ಸರಿಯಿದ್ದರೂ ತಪ್ಪೆಂದೇ ಲೆಕ್ಕ, ತಿದ್ದುವಾಗ ನಿಮಗೆ ನೀವೇ ರಿಯಾಯಿತಿ ಕೊಡಬೇಡಿ.

ಅಂಕ ಎಣಿಸಿದ ಮೇಲೆ ತಪ್ಪಿದ ಪ್ರತಿ ಪ್ರಶ್ನೆಗೂ ಆಡಿಯೊದಲ್ಲಿ ಉತ್ತರವಿರುವ ಹತ್ತು ಸೆಕೆಂಡನ್ನು ಹುಡುಕಿ, ಅಷ್ಟನ್ನು ಮಾತ್ರ ಉಕ್ತಲೇಖನ ಬರೆಯಿರಿ. ಬರೆದದ್ದು ಪೂರ್ತಿ ಸರಿಯಿದ್ದೂ ಉತ್ತರ ತಪ್ಪಿತ್ತೆಂದರೆ, ನೀವು ಕೇಳಿಸಿಕೊಂಡಿದ್ದೀರಿ, ಪ್ರಶ್ನೆಯ ಪದಕ್ಕೂ ಆಡಿಯೊದ ಪದಕ್ಕೂ ನಂಟು ಕಾಣಲಿಲ್ಲ ಅಷ್ಟೆ. ಆ ಎರಡು ಪದಗಳು ಜೋಡಿಗಳ ನೋಟ್‌ಬುಕ್ಕಿಗೆ ಹೋಗಬೇಕು.